ಸೆನ್ಸರ್‌ನ ಜಿಎಂಐ 7.0, ಲ್ಯಾಬ್‌ನ ಎಚ್‌ಬಿಎ1ಸಿ 8.1: ಈ ಅಂತರವನ್ನು ಬಿಡಿಸುವುದು ಹೇಗೆ?

ಲೆಕ್ಕಕ್ಕಾಗಿ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ರಾಜಾಜಿನಗರದ 44 ವರ್ಷದ ಶಾಲಾ ಶಿಕ್ಷಕಿ. ಟೈಪ್ 2 ಡಯಾಬಿಟಿಸ್ ಇದೆ, ಮೆಟ್‌ಫಾರ್ಮಿನ್ ಜೊತೆಗೆ ಬೆಳಗ್ಗೆ ಒಂದು ಗ್ಲಿಮಿಪಿರೈಡ್ ಮಾತ್ರೆ ನುಂಗುತ್ತಾರೆ. ತೋಳಿಗೆ ಅಂಟಿಸಿಕೊಂಡಿದ್ದ 14 ದಿನದ ಗ್ಲೂಕೋಸ್ ಸೆನ್ಸರ್ ಮುಗಿದ ದಿನವೇ ಲ್ಯಾಬ್‌ಗೆ ಹೋಗಿ, ನಾವೆಲ್ಲ ‘ಮೂರು ತಿಂಗಳ ಶುಗರ್’ ಎನ್ನುವ ಎಚ್‌ಬಿಎ1ಸಿ ಪರೀಕ್ಷೆಗೂ ರಕ್ತ ಕೊಟ್ಟರು. ಸೆನ್ಸರ್ ವರದಿಯಲ್ಲಿ ಗ್ಲೂಕೋಸ್ ಮ್ಯಾನೇಜ್‌ಮೆಂಟ್ ಇಂಡಿಕೇಟರ್, ಅಂದರೆ ಜಿಎಂಐ, 7.0% ಬಂತು. ಲ್ಯಾಬ್ ವರದಿಯಲ್ಲಿ 8.1%. ಮೊದಲನೆಯದನ್ನು ನಂಬಿದರೆ ಮಾತ್ರೆ ಇದ್ದ ಹಾಗೇ ಇರಬಹುದು, ಎರಡನೆಯದನ್ನು ನಂಬಿದರೆ ಹೆಚ್ಚಿಸಬೇಕು. ಯಾವುದು ತಪ್ಪು ಎಂಬ ಪ್ರಶ್ನೆಯಿಂದ ಹೊರಟರೆ ಇಲ್ಲಿ ಉತ್ತರ ಸಿಗುವುದಿಲ್ಲ. ಎರಡೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿರಬಹುದು, ಏಕೆಂದರೆ ಎರಡೂ ಅಳೆಯುವುದು ಒಂದೇ ವಸ್ತುವನ್ನಲ್ಲ.

ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಗ್ಲೂಕೋಸ್ ಅಂಟಿಕೊಂಡಿದೆ ಎಂಬ ಅಳತೆ. ಹೀಗೆ ಅಂಟಿದ್ದು ಆ ಕಣ ಸಾಯುವವರೆಗೂ ಬಿಡುವುದಿಲ್ಲ. ಜಿಎಂಐಗೆ ರಕ್ತಕಣದ ಗೊಡವೆಯೇ ಇಲ್ಲ. ಚರ್ಮದಡಿಯ ದ್ರವದಲ್ಲಿ ಸೆನ್ಸರ್ ಅಳೆದ ಗ್ಲೂಕೋಸ್‌ನ ಸರಾಸರಿ ತೆಗೆದು ಒಂದು ಸೂತ್ರಕ್ಕೆ ಹಾಕಿದರೆ ಬರುವ ಸಂಖ್ಯೆ ಅದು. ಮೊದಲು ಇದಕ್ಕೆ ‘ಅಂದಾಜು ಎ1ಸಿ’ ಎಂದೇ ಹೆಸರಿತ್ತು. ಜನ ಲ್ಯಾಬ್ ವರದಿಯ ಜೊತೆ ಹೋಲಿಸಿ ಗೊಂದಲಕ್ಕೆ ಬೀಳುತ್ತಿದ್ದುದರಿಂದ 2018ರಲ್ಲಿ ಹೆಸರನ್ನೂ ಸೂತ್ರವನ್ನೂ ಬದಲಾಯಿಸಿದರು. ಗೊಂದಲ ಮಾತ್ರ ಹೋಗಲಿಲ್ಲ.

ಮೊದಲು ಲೆಕ್ಕವನ್ನು ನೀವೇ ಮಾಡಿ

ಸೆನ್ಸರ್ ಆ್ಯಪ್‌ನಿಂದ ಎಜಿಪಿ ಎಂಬ ಸಾರಾಂಶ ವರದಿಯನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಿ. ಮೊದಲ ಪುಟದಲ್ಲೇ ಮೂರು ವಿಷಯ ಸಿಗುತ್ತವೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗಿನ ಮಾಹಿತಿ, ಸೆನ್ಸರ್ ಎಷ್ಟು ಶೇಕಡಾ ಸಮಯ ಕೆಲಸ ಮಾಡಿದೆ (`Time CGM Active`), ಮತ್ತು ಸರಾಸರಿ ಗ್ಲೂಕೋಸ್ (`Average Glucose`). ಸೂತ್ರಕ್ಕೆ ಬೇಕಾದದ್ದು ಈ ಸರಾಸರಿ ಒಂದೇ.

```
GMI (%) = 3.31 + 0.02392 × mean glucose (mg/dL)
```

ನಮ್ಮ ಶಿಕ್ಷಕಿಯ ಸರಾಸರಿ 156. ಅದನ್ನು 0.02392ರಿಂದ ಗುಣಿಸಿದರೆ 3.73, ಅದಕ್ಕೆ 3.31 ಸೇರಿಸಿದರೆ 7.04. ವರದಿಯಲ್ಲಿ 7.0 ಎಂದಿರುವುದು ಇದೇ. ಈ ಲೆಕ್ಕ ಕೈಯಲ್ಲಿದ್ದರೆ ಇನ್ನೊಂದು ಅನುಕೂಲವೂ ಇದೆ. ಸರಾಸರಿಯಲ್ಲಿ 10 ಅಂಕ ಏರುಪೇರಾದರೆ ಜಿಎಂಐ ಸುಮಾರು 0.24 ಮಾತ್ರ ಬದಲಾಗುತ್ತದೆ. ಅಂದರೆ 1.1ರಷ್ಟು ದೊಡ್ಡ ಅಂತರಕ್ಕೆ ಸೆನ್ಸರ್ ಒಂದನ್ನೇ ದೂರಬೇಕಾದರೆ ಅದು ಎರಡು ವಾರ ಪೂರ್ತಿ, ಹಗಲೂ ರಾತ್ರಿ, 46 ಅಂಕ ಕಡಿಮೆ ತೋರಿಸಿರಬೇಕು. ಅಷ್ಟು ಕೆಟ್ಟ ಸೆನ್ಸರ್ ಆದರೆ ಬೆರಳು ಚುಚ್ಚಿ ನೋಡಿದ ಮೊದಲ ದಿನವೇ ಸಿಕ್ಕಿಬೀಳುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಲ್ಯಾಬ್ ವರದಿಯಲ್ಲಿ ಎಚ್‌ಬಿಎ1ಸಿ ಕೆಳಗೆ ‘ಎಸ್ಟಿಮೇಟೆಡ್ ಆವರೇಜ್ ಗ್ಲೂಕೋಸ್’ ಎಂಬ ಸಾಲು ಇರುತ್ತದೆ. ಶಿಕ್ಷಕಿಯ ವರದಿಯಲ್ಲಿ ಅದು 186. ‘ಲ್ಯಾಬ್‌ನಲ್ಲಿ 186, ಸೆನ್ಸರ್‌ನಲ್ಲಿ 156, ಸೆನ್ಸರ್ 30 ಕಡಿಮೆ ತೋರಿಸ್ತಿದೆ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಆದರೆ ಆ 186 ಅನ್ನು ಲ್ಯಾಬ್ ಅಳೆದೇ ಇಲ್ಲ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದು ಬರೆದದ್ದು, ಅಷ್ಟೆ. ಎಚ್‌ಬಿಎ1ಸಿ ಯಾವುದೋ ಕಾರಣಕ್ಕೆ ಹೆಚ್ಚಾಗಿ ಬಂದಿದ್ದರೆ ಈ ಸಾಲೂ ಅದರ ಹಿಂದೆಯೇ ಹೆಚ್ಚಾಗುತ್ತದೆ. ಅದನ್ನು ಸ್ವತಂತ್ರ ಸಾಕ್ಷಿಯಾಗಿ ಎಣಿಸಬೇಡಿ.

ಜೊತೆಗೆ ಈ ಎರಡು ಸೂತ್ರಗಳಲ್ಲಿ ಒಂದು ಇನ್ನೊಂದರ ತಿರುವುಮುರುವು ಅಲ್ಲ. ಸರಾಸರಿ 154ರ ಹತ್ತಿರ ಎರಡೂ 7.0 ಎನ್ನುತ್ತವೆ. ಅಲ್ಲಿಂದ ದೂರ ಹೋದಷ್ಟೂ ಬೇರೆಯಾಗುತ್ತವೆ. ಸರಾಸರಿ 240 ಇದ್ದರೆ ಜಿಎಂಐ 9.05, ಲ್ಯಾಬ್ ಸೂತ್ರದ ಪ್ರಕಾರ ಎಚ್‌ಬಿಎ1ಸಿ 10. ಸರಾಸರಿ 100 ಇದ್ದರೆ ಜಿಎಂಐ 5.7, ಲ್ಯಾಬ್ ಸೂತ್ರದಲ್ಲಿ 5.1. ಡಯಾಬಿಟಿಸ್ ಇಲ್ಲದವರೂ ಕುತೂಹಲಕ್ಕೆ ಸೆನ್ಸರ್ ಹಾಕಿಕೊಳ್ಳುವ ಅಭ್ಯಾಸ ಬೆಂಗಳೂರಿನಲ್ಲಿ ಶುರುವಾಗಿದೆಯಲ್ಲ, ಅವರು ಗಮನಿಸಬೇಕಾದ ಮಾತಿದು. ಸರಾಸರಿ 100 ಇರುವವರು ಜಿಎಂಐ 5.7 ಕಂಡು ‘ಪ್ರಿ-ಡಯಾಬಿಟಿಸ್ ಬಂತು’ ಎಂದು ಗಾಬರಿಯಾಗಬೇಕಿಲ್ಲ. ಜಿಎಂಐ ರೋಗಪತ್ತೆಗೆ ಮಾಡಿದ ಅಳತೆಯೇ ಅಲ್ಲ.

ಸೆನ್ಸರ್‌ನ ಎರಡು ವಾರ ನಂಬಿಕೆಗೆ ಅರ್ಹವೇ?

ಲೆಕ್ಕ ಸರಿ ಇದೆ ಎಂದಾದ ಮೇಲೆ ಸರಾಸರಿ ಸರಿ ಇದೆಯೇ ನೋಡಬೇಕು. ಕನಿಷ್ಠ 14 ದಿನದ ಮಾಹಿತಿ, ಅದರಲ್ಲಿ ಶೇ. 70ರಷ್ಟಾದರೂ ಸಮಯ ಸೆನ್ಸರ್ ಚಾಲ್ತಿಯಲ್ಲಿರಬೇಕು ಎಂಬುದು ಒಪ್ಪಿತ ನಿಯಮ. ಐದು ದಿನಕ್ಕೇ ಕಿತ್ತುಬಂದ ಸೆನ್ಸರ್‌ನ ಜಿಎಂಐ ಹಿಡಿದು ಲ್ಯಾಬ್ ಜೊತೆ ಜಗಳಕ್ಕೆ ಹೋಗಬಾರದು.

ಎಷ್ಟು ಶೇಕಡಾ ಎಂಬುದಕ್ಕಿಂತ ಯಾವ ಹೊತ್ತಿನ ಮಾಹಿತಿ ಕಳೆದಿದೆ ಎಂಬುದು ಹೆಚ್ಚು ಮುಖ್ಯ. ಫೋನನ್ನು ಹತ್ತಿರ ಹಿಡಿದು ಸ್ಕ್ಯಾನ್ ಮಾಡುವ ಮಾದರಿಯ ಸೆನ್ಸರ್ ತನ್ನೊಳಗೆ ಕೊನೆಯ 8 ಗಂಟೆಯ ಮಾಹಿತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ರಾತ್ರಿ ಒಂಬತ್ತಕ್ಕೆ ಸ್ಕ್ಯಾನ್ ಮಾಡಿ ಮಲಗಿ, ಬೆಳಗ್ಗೆ ಏಳಕ್ಕೆ ಮತ್ತೆ ಮಾಡಿದರೆ ನಡುವಿನ ಎರಡು ಗಂಟೆ ಹೋಯಿತು. ಶಿಕ್ಷಕಿಗೆ ರಾತ್ರಿಯ 8 ಗಂಟೆ ಸರಾಸರಿ 125, ಉಳಿದ 16 ಗಂಟೆ 172 ಎಂದಿಟ್ಟುಕೊಳ್ಳಿ. ಎಲ್ಲವೂ ದಾಖಲಾದರೆ ಸರಾಸರಿ 156. ಪ್ರತಿ ರಾತ್ರಿ ನಾಲ್ಕು ಗಂಟೆ ಕಳೆದುಹೋದರೆ ಸೆನ್ಸರ್ ಇನ್ನೂ ಶೇ. 83 ಚಾಲ್ತಿಯಲ್ಲಿದೆ ಎಂದೇ ವರದಿ ಹೇಳುತ್ತದೆ, ಆದರೆ ಸರಾಸರಿ 163ಕ್ಕೆ, ಜಿಎಂಐ 7.2ಕ್ಕೆ ಏರುತ್ತದೆ. ಆದ್ದರಿಂದ ದಿನದಿನದ ಗ್ರಾಫ್ ಪುಟ ತೆರೆದು ಗೆರೆ ಎಲ್ಲೆಲ್ಲಿ ತುಂಡಾಗಿದೆ ಎಂದು ಒಮ್ಮೆ ಕಣ್ಣಾಡಿಸಿ.

ಅದೇ ಗ್ರಾಫ್‌ನಲ್ಲಿ ನಡುರಾತ್ರಿ ಗೆರೆ ಒಮ್ಮೆಲೇ 60ಕ್ಕೆ ಜಾರಿ, ಸ್ವಲ್ಪ ಹೊತ್ತಿನಲ್ಲಿ ಅಷ್ಟೇ ಚುರುಕಾಗಿ ಮೇಲೆ ಬಂದಿದ್ದರೆ ಸೆನ್ಸರ್ ಇರುವ ತೋಳಿನ ಮೇಲೆ ಒರಗಿ ಮಲಗಿದ್ದಿರಬಹುದು. ಇದು ಹೆದರಿಸುತ್ತದೆ, ಆದರೆ ಜಿಎಂಐಯನ್ನು ಹೆಚ್ಚು ಕೆಡಿಸುವುದಿಲ್ಲ. ದಿನಕ್ಕೆ ಒಂದು ಗಂಟೆ ಹೀಗಾದರೂ ಸರಾಸರಿ ಮೂರು ಅಂಕದೊಳಗೆ ಇಳಿಯುತ್ತದೆ.

ಇನ್ನು ಬೆರಳು ಚುಚ್ಚಿ ತಾಳೆ ನೋಡುವುದು. ಸೆನ್ಸರ್ ಹಾಕಿದ ಮೊದಲ ದಿನ ಬೇಡ, ಅಂದು ಅದು ಇನ್ನೂ ನೆಲೆನಿಂತಿರುವುದಿಲ್ಲ. ಊಟವಾದ ಒಂದೆರಡು ಗಂಟೆಯೂ ಬೇಡ. ಚರ್ಮದಡಿಯ ದ್ರವ ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುವುದರಿಂದ ಶುಗರ್ ಏರುತ್ತಿರುವಾಗ ಸೆನ್ಸರ್ ಕಡಿಮೆಯನ್ನೂ ಇಳಿಯುತ್ತಿರುವಾಗ ಹೆಚ್ಚನ್ನೂ ತೋರಿಸುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ರಾತ್ರಿ ಊಟಕ್ಕೆ ಮುಂಚೆ, ಆ್ಯಪ್‌ನ ಬಾಣದ ಗುರುತು ಅಡ್ಡವಾಗಿದ್ದು ಶುಗರ್ ಸ್ಥಿರ ಎಂದು ತೋರಿಸುವಾಗ, ಸೋಪಿನಲ್ಲಿ ಕೈತೊಳೆದು ಒರೆಸಿಕೊಂಡು ಗ್ಲೂಕೋಮೀಟರ್‌ನಲ್ಲಿ ನೋಡಿ. ನಾಲ್ಕೈದು ದಿನ ಹೀಗೆ ಮಾಡಿದರೆ ಎಂಟು ಹತ್ತು ಜೋಡಿ ಸಂಖ್ಯೆ ಸಿಗುತ್ತವೆ. ಒಂದೊಂದು ಜೋಡಿ ತಾಳೆಯಾಗದಿದ್ದರೆ ಲೆಕ್ಕಕ್ಕಿಲ್ಲ, ಏಕೆಂದರೆ ಗ್ಲೂಕೋಮೀಟರ್‌ಗೂ 100ರ ಮೇಲೆ ಶೇ. 15ರಷ್ಟು ಆಚೀಚೆ ಹೋಗುವ ರಿಯಾಯಿತಿ ಇದೆ. ಎಲ್ಲ ಜೋಡಿಗಳಲ್ಲೂ ಸೆನ್ಸರ್ ಒಂದೇ ಕಡೆಗೆ, 20ರಷ್ಟು ತಪ್ಪುತ್ತಿದ್ದರೆ ಆಗ ಅದು ಜಿಎಂಐಯಲ್ಲಿ ಸುಮಾರು 0.5 ಆಗಿ ಕಾಣುತ್ತದೆ. ಅಂಥ ಸೆನ್ಸರ್‌ನ ಜಿಎಂಐ ಪಕ್ಕಕ್ಕಿಟ್ಟು ಮುಂದಿನ ಸೆನ್ಸರ್‌ಗೆ ಕಾಯಿರಿ.

ಶಿಕ್ಷಕಿಯ ಸೆನ್ಸರ್ ಶೇ. 94 ಸಮಯ ಚಾಲ್ತಿಯಲ್ಲಿತ್ತು, ಬೆರಳಿನ ಸಂಖ್ಯೆಗಳಿಗಿಂತ ಸರಾಸರಿ 5 ಅಂಕ ಕಡಿಮೆ ತೋರಿಸುತ್ತಿತ್ತು. ಅಂದರೆ 1.1ರ ಅಂತರದಲ್ಲಿ ಸೆನ್ಸರ್ ಪಾಲು ಹೆಚ್ಚೆಂದರೆ 0.1.

ಹಿಂದಿನ ಮೂರು ತಿಂಗಳಲ್ಲಿ ಏನು ಬದಲಾಯಿತು?

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗೆಂದು ಎಚ್‌ಬಿಎ1ಸಿ ಆ 120 ದಿನಗಳ ಸಮ ಸರಾಸರಿ ಅಲ್ಲ. ಒಟ್ಟು ಮೌಲ್ಯದ ಅರ್ಧದಷ್ಟನ್ನು ಕೊನೆಯ 30 ದಿನಗಳೇ ನಿರ್ಧರಿಸುತ್ತವೆ, ಅದರ ಹಿಂದಿನ ತಿಂಗಳು ಕಾಲು ಭಾಗ, ಉಳಿದ ಕಾಲು ಅದಕ್ಕೂ ಹಿಂದಿನದು. ಸೆನ್ಸರ್‌ಗೆ ಗೊತ್ತಿರುವುದು ಕೊನೆಯ 14 ದಿನ ಮಾತ್ರ.

ಇದನ್ನು ಲೆಕ್ಕಕ್ಕೆ ಇಳಿಸಿ ನೋಡಿ. ಒಬ್ಬರಿಗೆ ತಿಂಗಳ ಹಿಂದೆ ಹೊಸ ಔಷಧಿ ಶುರುವಾಯಿತು, ಅದಕ್ಕೂ ಮುಂಚೆ ಸರಾಸರಿ 200, ಆಮೇಲೆ 150. ರಕ್ತಕಣಗಳ ಕಣ್ಣಿಗೆ ಅರ್ಧ 150, ಅರ್ಧ 200, ಒಟ್ಟು 175. ಎಚ್‌ಬಿಎ1ಸಿ 7.7ರ ಹತ್ತಿರ ಬರುತ್ತದೆ. ಸೆನ್ಸರ್‌ಗೆ 150 ಮಾತ್ರ ಗೊತ್ತು, ಜಿಎಂಐ 6.9. ಯಾವ ಕಾಯಿಲೆಯೂ ಇಲ್ಲದೆ, ಯಾವ ಯಂತ್ರವೂ ತಪ್ಪದೆ, 0.8ರ ಅಂತರ. ಇನ್ನೆರಡು ತಿಂಗಳು ಹೀಗೇ ಮುಂದುವರಿದರೆ ಅದು ತಾನಾಗಿ ಕರಗುತ್ತದೆ.

ಔಷಧಿಯೇ ಬದಲಾಗಬೇಕೆಂದಿಲ್ಲ. ನವರಾತ್ರಿಯಿಂದ ದೀಪಾವಳಿಯವರೆಗಿನ ಸಿಹಿತಿಂಡಿ, ಮಾವಿನ ಕಾಲ, ಹತ್ತು ದಿನ ನುಂಗಿದ ಸ್ಟಿರಾಯ್ಡ್ ಮಾತ್ರೆ, ಎಲ್ಲವೂ ಇದೇ ಕೆಲಸ ಮಾಡುತ್ತವೆ. ಸೆನ್ಸರ್ ಹಾಕಿಕೊಂಡ ಕೂಡಲೇ ಊಟದಲ್ಲಿ ಶಿಸ್ತು ಬರುವುದೂ ಉಂಟು. ತೋಳಿನ ಮೇಲೆ ಕಾವಲುಗಾರ ಕೂತಿರುವಾಗ ಎರಡನೇ ಸಲ ಅನ್ನ ಬಡಿಸಿಕೊಳ್ಳಲು ಕೈ ಹಿಂಜರಿಯುತ್ತದೆ. ಆ ಎರಡು ವಾರ ನಿಮ್ಮ ಉಳಿದ ಹತ್ತು ವಾರಗಳಂತೆ ಇತ್ತೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಹಳೆಯ ಸೆನ್ಸರ್‌ಗಳ ಮಾಹಿತಿ ಇದ್ದರೆ ಇನ್ನೂ ಒಳ್ಳೆಯದು, ವರದಿಯ ಅವಧಿಯನ್ನು 90 ದಿನಕ್ಕೆ ಬದಲಿಸಿ ಸರಾಸರಿ ಎಷ್ಟಾಗುತ್ತದೆ ನೋಡಿ.

ಶಿಕ್ಷಕಿಗೆ ಆರು ತಿಂಗಳಿಂದ ಅದೇ ಮಾತ್ರೆ, ಅದೇ ಊಟ. ಎರಡು ತಿಂಗಳ ಹಿಂದಿನ ಇನ್ನೊಂದು ಸೆನ್ಸರ್‌ನ ಸರಾಸರಿ 159. ಕಾಲದ ತಕರಾರು ಇಲ್ಲಿ ಇಲ್ಲ.

ಆಮೇಲೆ ಉಳಿಯುವುದು ರಕ್ತ

ಗ್ಲೂಕೋಸ್ ಮಟ್ಟ ಒಂದೇ ಇದ್ದರೂ ರಕ್ತದಲ್ಲಿ ಹೆಚ್ಚು ದಿನ ಸುತ್ತಾಡಿದ ಕಣಕ್ಕೆ ಹೆಚ್ಚು ಸಕ್ಕರೆ ಅಂಟಿರುತ್ತದೆ. ಹಾಗಾಗಿ ರಕ್ತಕಣಗಳ ಸರಾಸರಿ ವಯಸ್ಸನ್ನು ಹೆಚ್ಚಿಸುವ ಯಾವುದೇ ಸಂಗತಿ ಎಚ್‌ಬಿಎ1ಸಿಯನ್ನು ಮೇಲೆತ್ತುತ್ತದೆ, ಕಡಿಮೆ ಮಾಡುವ ಯಾವುದೇ ಸಂಗತಿ ಕೆಳಗಿಳಿಸುತ್ತದೆ. ಈ ಒಂದು ಮಾತು ತಿಳಿದರೆ ಉದ್ದದ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ರಕ್ತ ಹಾಕಿಸಿಕೊಂಡವರಲ್ಲಿ, ಇತ್ತೀಚೆಗೆ ಒಮ್ಮೆಲೇ ಹೆಚ್ಚು ರಕ್ತ ಕಳೆದುಕೊಂಡವರಲ್ಲಿ, ಕಣಗಳು ಬೇಗ ಒಡೆಯುವವರಲ್ಲಿ, ಕಿಡ್ನಿ ತೊಂದರೆಗೆ ಹೊಸ ರಕ್ತಕಣ ಹುಟ್ಟಿಸುವ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಲ್ಲಿ, ಗರ್ಭಿಣಿಯರಲ್ಲಿ ಎಚ್‌ಬಿಎ1ಸಿ ಕಡಿಮೆ ಬರುವುದು ಹೀಗೆ. ಇವರಲ್ಲಿ ಅಂತರ ತಿರುಗುಮುರುಗಾಗಿ ಕಾಣುತ್ತದೆ: ಜಿಎಂಐ ಹೆಚ್ಚು, ಲ್ಯಾಬ್ ಕಡಿಮೆ. ಲ್ಯಾಬ್ ಸಂಖ್ಯೆ ಚೆನ್ನಾಗಿದೆ ಎಂದು ಸಮಾಧಾನ ಪಟ್ಟುಕೊಂಡರೆ ನಿಜವಾದ ಹೆಚ್ಚಿನ ಶುಗರ್ ಮರೆಯಲ್ಲೇ ಉಳಿಯುತ್ತದೆ.

ನಮ್ಮ ಉದಾಹರಣೆ ಇದಕ್ಕೆ ವಿರುದ್ಧದ್ದು. ಶಿಕ್ಷಕಿಗೆ ವರ್ಷದಿಂದ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ, ಮೆಟ್ಟಿಲು ಹತ್ತಿದರೆ ಏದುಸಿರು. ಸಿಬಿಸಿ ಎಂಬ ರಕ್ತಕಣಗಳ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2, ಕಣದ ಗಾತ್ರ ತೋರಿಸುವ ಎಂಸಿವಿ 71. ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ 7. ಇದು ಕಬ್ಬಿಣದ ಕೊರತೆಯ ರಕ್ತಹೀನತೆ. ಕಬ್ಬಿಣ ಸಾಲದಿದ್ದಾಗ ಮಜ್ಜೆಯಲ್ಲಿ ಹೊಸ ಕಣಗಳ ಉತ್ಪಾದನೆ ಕುಂಠಿತವಾಗುತ್ತದೆ, ಸುತ್ತಾಡುತ್ತಿರುವವುಗಳಲ್ಲಿ ಹಳೆಯವೇ ಹೆಚ್ಚಾಗುತ್ತವೆ, ಎಚ್‌ಬಿಎ1ಸಿ ಮೇಲೇರುತ್ತದೆ.

ಆದ್ದರಿಂದ ಅಂತರ 0.5 ದಾಟಿದ್ದರೆ, ಸೆನ್ಸರ್ ಮತ್ತು ಕಾಲ ಎರಡರಲ್ಲೂ ಉತ್ತರ ಸಿಗದಿದ್ದರೆ, ಸಿಬಿಸಿ, ಫೆರಿಟಿನ್, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಈ ಮೂರನ್ನು ಡಾಕ್ಟರ್ ಬಳಿ ಕೇಳಿ. ಜ್ವರ ಅಥವಾ ಸೋಂಕು ಇರುವಾಗ ಫೆರಿಟಿನ್ ಹುಸಿಯಾಗಿ ಹೆಚ್ಚುತ್ತದೆ, ಅದು ಇಳಿದ ಮೇಲೆ ಮಾಡಿಸಿ. ಎಂಸಿವಿ ಕಡಿಮೆ ಇದ್ದು ಫೆರಿಟಿನ್ ಸರಿಯಾಗಿದ್ದರೆ ಅದು ತಲಸ್ಸೇಮಿಯಾ ಟ್ರೇಟ್ ಎಂಬ ಹುಟ್ಟಿನಿಂದ ಬರುವ ಹಿಮೋಗ್ಲೋಬಿನ್ ದೋಷ ಇರಬಹುದು. ಅವರಿಗೆ ಕಬ್ಬಿಣದ ಮಾತ್ರೆಯಿಂದ ಉಪಯೋಗವಿಲ್ಲ, ಎಚ್‌ಬಿಎ1ಸಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಚಾಮರಾಜನಗರ, ಕೊಡಗು ಕಡೆಯ ಗಿರಿಜನ ಸಮುದಾಯಗಳಲ್ಲಿ ಕಾಣುವ ಸಿಕಲ್ ಸೆಲ್ ಟ್ರೇಟ್‌ನಂಥ ಹಿಮೋಗ್ಲೋಬಿನ್ ಭೇದಗಳೂ ಪರೀಕ್ಷೆಯ ವಿಧಾನಕ್ಕೆ ತಕ್ಕಂತೆ ಫಲಿತಾಂಶವನ್ನು ಏರುಪೇರು ಮಾಡಬಲ್ಲವು. ಲ್ಯಾಬ್ ಎಚ್‌ಪಿಎಲ್‌ಸಿ ವಿಧಾನದಲ್ಲಿ ಮಾಡಿದ್ದರೆ ವರದಿಯ ಜೊತೆಗಿನ ಗ್ರಾಫ್‌ನಲ್ಲಿ ಹೆಚ್ಚುವರಿ ಶಿಖರವೊಂದು ಕಾಣಿಸಬಹುದು. ಗ್ರಾಫ್ ಕೊಡದಿದ್ದರೆ ಕೇಳಿ ಪಡೆಯಿರಿ. ಪ್ರತಿ ಸಲವೂ ಅದೇ ಲ್ಯಾಬ್, ಅದೇ ವಿಧಾನ ಇಟ್ಟುಕೊಳ್ಳಿ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ.

ಯಾವುದನ್ನು ನಂಬುವುದೆಂದು ಇನ್ನೂ ಬಗೆಹರಿಯದಿದ್ದರೆ ಫ್ರಕ್ಟೋಸಮೈನ್ ಎಂಬ ಪರೀಕ್ಷೆ ಇದೆ. ಅದು ರಕ್ತಕಣವನ್ನು ಬಿಟ್ಟು ರಕ್ತದ ಪ್ರೋಟೀನ್‌ಗೆ ಅಂಟಿದ ಗ್ಲೂಕೋಸ್ ನೋಡುತ್ತದೆ, ಎರಡು ಮೂರು ವಾರದ ಚಿತ್ರ ಕೊಡುತ್ತದೆ, ಹಾಗಾಗಿ ಸೆನ್ಸರ್ ಅವಧಿಗೆ ಹತ್ತಿರ. ಆಲ್ಬುಮಿನ್ ಕಡಿಮೆ ಇರುವವರಲ್ಲಿ ಮಾತ್ರ ಅದೂ ದಾರಿ ತಪ್ಪಿಸುತ್ತದೆ.

ಮಾತ್ರೆ ಹೆಚ್ಚಿಸುವ ಮೊದಲು

8.1 ನೋಡಿ ಗ್ಲಿಮಿಪಿರೈಡ್ ಹೆಚ್ಚಿಸಿದ್ದರೆ ಏನಾಗುತ್ತಿತ್ತು? ಶಿಕ್ಷಕಿಯ ಗ್ರಾಫ್‌ನಲ್ಲಿ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ, ಊಟದ ಬೆಲ್ ಹೊಡೆಯುವ ಮುಂಚೆ, ಹಲವು ದಿನ ಶುಗರ್ 65ಕ್ಕೆ ಇಳಿದಿದೆ. ಒಟ್ಟು ಸಮಯದ ಶೇ. 3ರಷ್ಟು ಅವರು 70ರ ಕೆಳಗಿದ್ದಾರೆ. ಹೆಚ್ಚಿನ ವಯಸ್ಕರಿಗೆ ಇದು ಶೇ. 4ರೊಳಗಿರಬೇಕು, ವಯಸ್ಸಾದವರಿಗೆ ಶೇ. 1ರೊಳಗೆ. ಮಾತ್ರೆ ಹೆಚ್ಚಿಸಿದ್ದರೆ ತರಗತಿಯಲ್ಲೇ ತಲೆಸುತ್ತಿ ಬೀಳುವ ಅಪಾಯವಿತ್ತು. ಡಾಕ್ಟರ್‌ಗೆ ಹೇಳಬೇಕಾದ ಮಾತು ಇಷ್ಟು: ‘ಡಾಕ್ಟ್ರೇ, ಎ1ಸಿ 8.1 ಬಂದಿದೆ, ಆದರೆ ಸೆನ್ಸರ್ ಸರಾಸರಿ 156, ಮಧ್ಯಾಹ್ನ ಲೋ ಆಗ್ತಿದೆ, ಹಿಮೋಗ್ಲೋಬಿನ್ 9.2 ಇದೆ. ಮೂರನ್ನೂ ಒಟ್ಟಿಗೆ ನೋಡ್ತೀರಾ?’ ಮಾತ್ರೆಯ ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ಹೆಚ್ಚಿಸುವುದಕ್ಕೂ ಕಡಿಮೆ ಮಾಡುವುದಕ್ಕೂ ಇದು ಅನ್ವಯಿಸುತ್ತದೆ.

ಕಬ್ಬಿಣದ ಚಿಕಿತ್ಸೆ ಶುರುವಾದ ಮೇಲೆ ಇನ್ನೊಂದು ಮೋಸ ಕಾದಿರುತ್ತದೆ. ಮಜ್ಜೆಯಿಂದ ಹೊಸ ಕಣಗಳು ಒಟ್ಟೊಟ್ಟಿಗೆ ಹೊರಬರುತ್ತವೆ, ಅವಕ್ಕೆ ಇನ್ನೂ ಸಕ್ಕರೆ ಅಂಟಿರುವುದಿಲ್ಲ, ಎಚ್‌ಬಿಎ1ಸಿ ಇಳಿಯುತ್ತದೆ. ನಾಲ್ಕು ತಿಂಗಳ ಬಳಿಕ ಶಿಕ್ಷಕಿಯ ಹಿಮೋಗ್ಲೋಬಿನ್ 12.1, ಎಚ್‌ಬಿಎ1ಸಿ 7.5. ‘ಶುಗರ್ ಚೆನ್ನಾಗಿ ಕಂಟ್ರೋಲ್‌ಗೆ ಬಂತು’ ಎಂದು ಮನೆಯವರೆಲ್ಲ ಖುಷಿಪಡಬಹುದು. ಸೆನ್ಸರ್ ಸರಾಸರಿ 158, ಜಿಎಂಐ 7.1. ಶುಗರ್ ಇದ್ದಲ್ಲೇ ಇದೆ, ಇಳಿದದ್ದು ರಕ್ತಹೀನತೆ ಸೇರಿಸಿದ್ದ ಪಾಲು. ಈ ಅವಧಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ: ಕಬ್ಬಿಣ ಚೆನ್ನಾಗಿ ಹೀರಲಿ ಎಂದು ಚೀಪುವ ವಿಟಮಿನ್ ಸಿ ಮಾತ್ರೆಯನ್ನೂ ಜೊತೆಗೆ ಕೊಡುತ್ತಾರೆ. ದಿನಕ್ಕೆ 500 ಮಿಲಿಗ್ರಾಂ ಮೀರಿದರೆ ಕೆಲವು ಸೆನ್ಸರ್‌ಗಳು ಗ್ಲೂಕೋಸನ್ನು ಹೆಚ್ಚಾಗಿ ತೋರಿಸುತ್ತವೆ. ನಿಮ್ಮ ಸೆನ್ಸರ್‌ನ ಡಬ್ಬಿಯಲ್ಲಿರುವ ಕಾಗದ ಬಿಡಿಸಿ ಓದಿ.

ಉಳಿದ ಅಂತರ ನಿಮ್ಮದೇ

ರಕ್ತಹೀನತೆ ಸರಿಹೋದ ಮೇಲೂ 7.5 ಮತ್ತು 7.1ರ ನಡುವೆ 0.4 ಉಳಿದಿದೆ. ಆರೋಗ್ಯವಂತರಲ್ಲೂ ರಕ್ತಕಣದ ಆಯಸ್ಸು ಒಬ್ಬರಿಂದೊಬ್ಬರಿಗೆ ಬೇರೆ, ಅದರಿಂದ ಬರುವ ಅಂತರ ವರ್ಷಗಟ್ಟಲೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಜಿಎಂಐ ಸೂತ್ರ ಹುಟ್ಟಿದ 528 ಜನರ ಮಾಹಿತಿಯಲ್ಲೇ ನೂರಕ್ಕೆ ಸುಮಾರು 28 ಮಂದಿಗೆ 0.5 ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಕಾಣುತ್ತದೆ. 1.0 ದಾಟುವವರು ನೂರಕ್ಕೆ ಮೂವರಷ್ಟೇ. 0.3ರೊಳಗಿನದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಲ್ಯಾಬ್ ಪರೀಕ್ಷೆಯೇ ಅಷ್ಟು ಅಲುಗಾಡುತ್ತದೆ.

ಈ ಸ್ವಂತ ಅಂತರವನ್ನು ಕಂಡುಹಿಡಿಯಲು ಒಂದು ಪುಸ್ತಕದಲ್ಲಿ ನಾಲ್ಕು ಕಾಲಂ ಸಾಕು: ತಾರೀಖು, ಲ್ಯಾಬ್ ಎಚ್‌ಬಿಎ1ಸಿ, ಅದೇ ವಾರ ಮುಗಿದ ಸೆನ್ಸರ್‌ನ ಜಿಎಂಐ, ಹಿಮೋಗ್ಲೋಬಿನ್. ಮೂರು ಸಲ ಅಂತರ ಹೆಚ್ಚುಕಡಿಮೆ ಒಂದೇ ಬಂದರೆ ಅದನ್ನು ನಿಮ್ಮದೆಂದು ಒಪ್ಪಿಕೊಳ್ಳಬಹುದು. ಗುರಿ ಇಡುವಾಗ ಅದನ್ನು ಬಳಸಿ. ಶಿಕ್ಷಕಿಗೆ ಲ್ಯಾಬ್‌ನಲ್ಲಿ 7.0 ಬರಬೇಕೆಂದರೆ ಜಿಎಂಐ 6.6 ಆಗಬೇಕು. ಅಂದರೆ ಸರಾಸರಿ 138. ಈಗಿರುವ 158ರಿಂದ 20 ಅಂಕ ಕೆಳಗೆ. ಈಗಾಗಲೇ ಮಧ್ಯಾಹ್ನ 65ಕ್ಕೆ ಇಳಿಯುತ್ತಿರುವವರಿಗೆ ಅದೇ ಮಾತ್ರೆಯಲ್ಲಿ ಅಷ್ಟು ಇಳಿಸಲು ಹೋದರೆ ಲೋ ಹೆಚ್ಚಾಗುತ್ತದೆ. ಅವರ ಡಾಕ್ಟರ್ ಲೋ ಮಾಡದ ಬೇರೆ ಔಷಧಿಗೆ ಬದಲಿಸಬಹುದು, ಇಲ್ಲವೇ ಲ್ಯಾಬ್ ಗುರಿಯನ್ನೇ 7.4ಕ್ಕೆ ಇಟ್ಟು, 70ರಿಂದ 180ರ ನಡುವಿನ ಸಮಯವನ್ನು ಶೇ. 70ರ ಮೇಲೆ ತರುವುದಕ್ಕೆ ಗಮನ ಕೊಡಬಹುದು.

ಸ್ಥಿರವಾಗಿದ್ದ ಅಂತರ ಒಮ್ಮೆಲೇ 0.4ರಿಂದ 0.9ಕ್ಕೆ ಹಾರಿದರೆ, ಅಥವಾ ತಿರುಗುಮುರುಗಾದರೆ, ಶುಗರ್ ಮಾತ್ರೆಯ ವಿಚಾರ ಎತ್ತುವ ಮೊದಲು ಸಿಬಿಸಿ ಮತ್ತೊಮ್ಮೆ ಮಾಡಿಸಿ. ಬೇರೆ ಕಂಪನಿಯ ಸೆನ್ಸರ್‌ಗೆ ಬದಲಾದರೆ ಅಥವಾ ಲ್ಯಾಬ್ ಬದಲಿಸಿದರೆ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಎಣಿಕೆಯನ್ನು ಮೊದಲಿನಿಂದ ಶುರುಮಾಡಿ.